ಕೊಳವೆಬಾವಿಯ ಕೆಂಪು ನೀರು: ಗಾಳಿ ಮತ್ತು ಉಸುಕಿನ ಕೆಲಸ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳಲ್ಲಿ ಕುಡಿಯುವ ನೀರಿನ ಮಾತು ಬಂದಾಗ ಮೊದಲು ನೆನಪಾಗುವುದು ಫ್ಲೋರೈಡು ಮತ್ತು ಉಪ್ಪು. ಇದು ಸಹಜವೇ ಆಗಿದೆ, ಏಕೆಂದರೆ ಈ ಭಾಗದ ಅಂತರ್ಜಲದ ದೊಡ್ಡ ದೋಷಗಳು ಅವೇ. ಆದರೆ ಅಲ್ಲಲ್ಲಿ ಕೆಲವು ಕೊಳವೆಬಾವಿಗಳ ನೀರು ಕೊಡಕ್ಕೆ ಬೀಳುವಾಗ ತಿಳಿಯಾಗಿದ್ದು, ಸ್ವಲ್ಪ ಹೊತ್ತಿನ ನಂತರ ಹಳದಿಗೆ ತಿರುಗಿ, ಮರುದಿನ ಬೆಳಗಾಗುವಷ್ಟರಲ್ಲಿ ಕೊಡದ ತಳದಲ್ಲಿ ಕೆಂಪು ಗಸಿಯನ್ನು ಬಿಡುತ್ತದೆ. ಇಂತಹ ನೀರಿನಲ್ಲಿ ಒಗೆದ ಬಿಳಿ ಬಟ್ಟೆಗೆ ಕಾವಿಯ ಕಲೆ ಹತ್ತುತ್ತದೆ, ಕುದಿಸಿದ ಚಹಾ ಕಪ್ಪಾಗುತ್ತದೆ, ಬಾಯಿಗೆ ಲೋಹದ ಒಗರು ತಟ್ಟುತ್ತದೆ. ಇದು ನೀರಿನಲ್ಲಿ ಕರಗಿರುವ ಕಬ್ಬಿಣದ ಲಕ್ಷಣ. ಈ ಕಬ್ಬಿಣವನ್ನು ಔಷಧಿಯಿಲ್ಲದೆ, ಗಾಳಿ ಮತ್ತು ಉಸುಕುಗಳ ಬಲದಿಂದಲೇ ತೆಗೆಯುವ ವಿಧಾನವೇ ಪ್ರಸ್ತುತ ಭಾಷಣದ ವಿಷಯವಾಗಿದ್ದು, ಈ ಮೂರು ತಾಲ್ಲೂಕುಗಳ ನೀರಿನ ಸ್ವಭಾವವು ಈ ವಿಧಾನಕ್ಕೆ ಹೇಗೆ ಅನುಕೂಲವಾಗಿದೆ ಮತ್ತು ಎಲ್ಲಿ ಅದು ಸಾಲದೆ ಹೋಗುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗುತ್ತದೆ.

ಮೊದಲು ಈ ಕಬ್ಬಿಣ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಬೇಕು. ಈ ಪ್ರದೇಶದ ಬಹುಭಾಗ ಗ್ರಾನೈಟು ಮತ್ತು ನೈಸ್ ಎಂಬ ಹಳೆಯ ಗಟ್ಟಿಶಿಲೆಗಳ ಮೇಲೆ ನಿಂತಿದೆ. ಹಟ್ಟಿಯಿಂದ ಮಸ್ಕಿಯವರೆಗೆ ಇವುಗಳ ನಡುವೆ ಕಪ್ಪು-ಹಸಿರು ಬಣ್ಣದ ಶಿಲೆಗಳ ಒಂದು ಪಟ್ಟಿ ಹಾದುಹೋಗಿದ್ದು, ಭೂವಿಜ್ಞಾನಿಗಳು ಅದನ್ನು ಹಟ್ಟಿ-ಮಸ್ಕಿ ಶಿಲಾಪಟ್ಟಿ ಎಂದು ಕರೆಯುತ್ತಾರೆ. ಹಟ್ಟಿಯ ಚಿನ್ನದ ಗಣಿ ಇರುವುದು ಇದೇ ಪಟ್ಟಿಯಲ್ಲಿ. ಪುರಾತನ ಲಾವಾರಸದಿಂದ ರೂಪುಗೊಂಡ ಈ ಕಪ್ಪು ಶಿಲೆಗಳ ಖನಿಜಗಳಲ್ಲಿ ಕಬ್ಬಿಣದ ಅಂಶ ಗ್ರಾನೈಟಿಗಿಂತ ಹೆಚ್ಚಾಗಿರುತ್ತದೆ, ಮತ್ತು ಚಿನ್ನದ ಜೊತೆಗೆ ಕಂಡುಬರುವ ಪೈರೈಟು ಮೊದಲಾದ ಗಂಧಕದ ಖನಿಜಗಳಲ್ಲಿಯೂ ಕಬ್ಬಿಣವೇ ಮುಖ್ಯ ಲೋಹ.

ಆದರೆ ಶಿಲೆಯಲ್ಲಿ ಕಬ್ಬಿಣವಿದ್ದ ಮಾತ್ರಕ್ಕೆ ಅದು ನೀರಿಗೆ ಇಳಿಯುವುದಿಲ್ಲ. ಕಬ್ಬಿಣಕ್ಕೆ ಎರಡು ರೂಪಗಳಿವೆ: ಒಂದು, ಆಮ್ಲಜನಕದ ಸಂಪರ್ಕವಿಲ್ಲದ ಕಡೆ ಉಳಿಯುವ, ನೀರಿನಲ್ಲಿ ಕರಗುವ, ಬಣ್ಣವಿಲ್ಲದ ರೂಪ, ಇದಕ್ಕೆ ಫೆರಸ್ ಕಬ್ಬಿಣ ಎನ್ನುತ್ತಾರೆ, ಮತ್ತೊಂದು, ಆಮ್ಲಜನಕ ತಗಲಿದ ಮೇಲೆ ಉಂಟಾಗುವ, ನೀರಿನಲ್ಲಿ ಕರಗದ, ಕೆಂಪು-ಕಂದು ಬಣ್ಣದ ರೂಪ, ಇದು ಫೆರಿಕ್ ಕಬ್ಬಿಣ. ನೆಲದಾಳದಲ್ಲಿ ಗಾಳಿ ಸುಳಿಯದ ಬಿರುಕುಗಳಲ್ಲಿ ನೀರು ಬಹುಕಾಲ ನಿಂತಾಗ ಕಬ್ಬಿಣ ಮೊದಲನೆಯ ರೂಪದಲ್ಲಿ ಕರಗಿ ಸೇರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಸಿಂಧನೂರಿನ ಭತ್ತದ ಗದ್ದೆಗಳ ಎರೆಮಣ್ಣಿನಲ್ಲಿಯೂ ಇಂತಹ ಸ್ಥಿತಿ ಉಂಟಾಗಬಲ್ಲದು, ಏಕೆಂದರೆ ತಿಂಗಳುಗಟ್ಟಲೆ ನೀರು ನಿಂತ ಮಣ್ಣಿನಲ್ಲಿ ಕೊಳೆಯುವ ಕೂಳೆ ಮತ್ತು ಹುಲ್ಲು ಅಲ್ಲಿರುವ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ, ಆ ಬಳಿಕ ಮಣ್ಣಿನ ಕಬ್ಬಿಣ ಕರಗುವ ರೂಪಕ್ಕೆ ತಿರುಗುತ್ತದೆ.

ಇನ್ನೊಂದು ಮೂಲವಿದ್ದು, ಅದನ್ನು ಗಮನಿಸದೆ ಹಣ ಕಳೆದುಕೊಳ್ಳುವವರು ಹೆಚ್ಚು. ಅದು ಕೊಳವೆಬಾವಿಯ ಪೈಪೇ ಆಗಿರುತ್ತದೆ. ಉಪ್ಪಿನಂಶ ಹೆಚ್ಚಿರುವ ನೀರು ಕಬ್ಬಿಣದ ಕೇಸಿಂಗ್ ಪೈಪನ್ನೂ ಜಿ.ಐ. ಪೈಪನ್ನೂ ಒಳಗಿನಿಂದ ತಿನ್ನುತ್ತದೆ; ಸವುಳು-ಜವುಳಿನ ತೊಂದರೆಯಿರುವ ಕಾಲುವೆ ಭಾಗದಲ್ಲಿ ಇದು ವಿರಳವಲ್ಲ. ಪೈಪಿನ ತುಕ್ಕನ್ನೂ ನೆಲದಾಳದ ಕಬ್ಬಿಣವನ್ನೂ ಬೇರ್ಪಡಿಸಿ ನೋಡುವುದು ಸುಲಭ. ರಾತ್ರಿಯಿಡೀ ನಿಂತಿದ್ದ ಬೋರನ್ನು ಬೆಳಿಗ್ಗೆ ಚಾಲೂ ಮಾಡಿದ ಕೂಡಲೇ ಒಂದು ಗಾಜಿನ ಬಾಟಲಿಯಲ್ಲಿಯೂ, ಅರ್ಧ ಗಂಟೆಗೂ ಹೆಚ್ಚು ಹೊತ್ತು ಓಡಿಸಿದ ಮೇಲೆ ಇನ್ನೊಂದು ಬಾಟಲಿಯಲ್ಲಿಯೂ ನೀರು ಹಿಡಿಯಬೇಕು. ಮೊದಲನೆಯದು ಹಿಡಿಯುವಾಗಲೇ ಕೆಂಪಾಗಿದ್ದು, ಎರಡನೆಯದು ತಿಳಿಯಾಗಿ ಬಂದು ದಿನವಿಡೀ ತಿಳಿಯಾಗಿಯೇ ಉಳಿದರೆ, ಅದು ಪೈಪಿನ ತುಕ್ಕು. ಅದಕ್ಕೆ ಪರಿಹಾರ ಪೈಪು ಬದಲಿಸುವುದೇ ಹೊರತು ಶೋಧಕ ಕಟ್ಟುವುದಲ್ಲ. ಎರಡನೆಯ ಬಾಟಲಿ ತಿಳಿಯಾಗಿ ಬಂದು, ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ಹಳದಿಯಾಗಿ, ಬಳಿಕ ಕೆಂಪು ಗಸಿ ಇಳಿಸಿದರೆ, ಅದು ನೆಲದಾಳದಿಂದ ಬಂದ ಕರಗಿದ ಕಬ್ಬಿಣ. ಎರಡೂ ಬಾಟಲಿಗಳು ಮೊದಲಿನಿಂದಲೇ ಕೆಂಪಾಗಿದ್ದರೆ ಕೇಸಿಂಗಿನ ಬದಿಯಿಂದ ಮಣ್ಣು ಸೋರುತ್ತಿರುವ ಸಂಭವವಿದೆ.

ನೀರಿನ ಪ್ರಯೋಗಾಲಯದ ವರದಿಯೂ ಇದಕ್ಕೆ ಒಂದು ಸುಳಿವು ಕೊಡುತ್ತದೆ. ರಸಗೊಬ್ಬರ ಮತ್ತು ತಿಪ್ಪೆಗಳಿಂದ ಇಳಿಯುವ ನೈಟ್ರೇಟು ಎಂಬ ಲವಣವು ಆಮ್ಲಜನಕವಿರುವ ನೀರಿನಲ್ಲಿ ಉಳಿಯುತ್ತದೆ. ಕರಗಿದ ಕಬ್ಬಿಣ ಆಮ್ಲಜನಕವಿಲ್ಲದ ನೀರಿನಲ್ಲಿ ಮಾತ್ರ ಉಳಿಯುತ್ತದೆ. ಆದ್ದರಿಂದ ಇವೆರಡೂ ಒಂದೇ ನೀರಿನಲ್ಲಿ ಹೆಚ್ಚಿನ ಪ್ರಮಾಣದಲ್ಲಿ ಒಟ್ಟಿಗಿರುವುದು ಅಪರೂಪ. ನೈಟ್ರೇಟು ಹೆಚ್ಚೆಂದು ವರದಿ ಬಂದ ಬೋರಿನ ನೀರು ಕೆಂಪಾಗಿ ಬರುತ್ತಿದ್ದರೆ, ಪೈಪಿನ ತುಕ್ಕನ್ನು ಮೊದಲು ಅನುಮಾನಿಸಬೇಕು.

ಕಬ್ಬಿಣದ ಮಿತಿ ಎಷ್ಟು ಎಂಬುದು ಮುಂದಿನ ಪ್ರಶ್ನೆ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕವಾದ ಐಎಸ್ 10500, 2012ರಲ್ಲಿ ಪರಿಷ್ಕೃತಗೊಂಡಾಗ ಲೀಟರಿಗೆ 0.3 ಮಿಲಿಗ್ರಾಂ ಮಿತಿಯನ್ನು ಇಟ್ಟಿತ್ತು. 2015ರ ತಿದ್ದುಪಡಿಯಲ್ಲಿ ಅದನ್ನು 1 ಮಿಲಿಗ್ರಾಂಗೆ ಏರಿಸಲಾಯಿತು. ವಿಶ್ವ ಆರೋಗ್ಯ ಸಂಸ್ಥೆಯು ಕುಡಿಯುವ ನೀರಿನ ಕಬ್ಬಿಣಕ್ಕೆ ಆರೋಗ್ಯದ ಆಧಾರದ ಮೇಲೆ ಮಿತಿಯನ್ನು ಹಾಕಿಲ್ಲ, ಆದರೆ 0.3 ಮಿಲಿಗ್ರಾಂ ದಾಟಿದ ಮೇಲೆ ಬಟ್ಟೆ ಮತ್ತು ಪಾತ್ರೆಗಳಿಗೆ ಕಲೆ ಹತ್ತುತ್ತದೆ ಎಂದು ಹೇಳುತ್ತದೆ. ಇದರಿಂದ ತಿಳಿಯಬೇಕಾದದ್ದೆಂದರೆ, ನೀರಿನಲ್ಲಿ ಸಾಮಾನ್ಯವಾಗಿ ಕಾಣುವ ಪ್ರಮಾಣದ ಕಬ್ಬಿಣವು ವಿಷವಲ್ಲ. ಅದನ್ನು ತೆಗೆಯುವುದು ರುಚಿಗಾಗಿ, ಬಟ್ಟೆಗಾಗಿ, ಪೈಪು ಕಟ್ಟಿಕೊಳ್ಳದಿರಲೆಂದು, ಮತ್ತು ಒಗರಿನ ನೀರನ್ನು ಬಿಟ್ಟು ಜನ ಕೊಳಕು ಹಳ್ಳದ ನೀರಿಗೆ ಹೋಗದಿರಲೆಂದು. ಈ ಕೊನೆಯ ಕಾರಣವೇ ಎಲ್ಲಕ್ಕಿಂತ ಮುಖ್ಯವಾದುದು.

ಈಗ ವಿಧಾನದ ತಿರುಳಿಗೆ ಬರಬಹುದು. ಕರಗಿದ ಕಬ್ಬಿಣಕ್ಕೆ ಗಾಳಿಯ ಆಮ್ಲಜನಕವನ್ನು ತಗಲಿಸಿ, ಕರಗದ ಕೆಂಪು ಕಣವಾಗಿ ಮಾಡಿ, ಆ ಕಣವನ್ನು ಉಸುಕಿನಲ್ಲಿ ಹಿಡಿದುಹಾಕುವುದು ಇದರ ತತ್ವ. ಮೊದಲ ಹೆಜ್ಜೆಗೆ ಗಾಳಿಗೂಡಿಸುವಿಕೆ ಎಂದೂ, ಎರಡನೆಯದಕ್ಕೆ ಶೋಧನೆ ಎಂದೂ ಹೆಸರು. ಒಂದು ಮಿಲಿಗ್ರಾಂ ಕಬ್ಬಿಣವನ್ನು ಬದಲಿಸಲು ಬೇಕಾಗುವ ಆಮ್ಲಜನಕ ಸುಮಾರು 0.14 ಮಿಲಿಗ್ರಾಂ ಮಾತ್ರ. 30 ಡಿಗ್ರಿ ಉಷ್ಣತೆಯ ನೀರು ಗಾಳಿಯೊಡನೆ ಚೆನ್ನಾಗಿ ಬೆರೆತಾಗ ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದುಕೊಳ್ಳಬಲ್ಲದು. ಅಂದರೆ ಆಮ್ಲಜನಕದ ಕೊರತೆ ಎಂಬುದು ಈ ಕೆಲಸದಲ್ಲಿ ಬಹುಮಟ್ಟಿಗೆ ಇಲ್ಲ. ಕೊರತೆಯಾಗುವುದು ವೇಗ, ಮತ್ತು ಆ ವೇಗವನ್ನು ನಿರ್ಧರಿಸುವುದು ನೀರಿನ ಪಿ.ಎಚ್. ಮೌಲ್ಯ.

ನೀರು ಹುಳಿಯ ಕಡೆಗಿದೆಯೋ ಕ್ಷಾರದ ಕಡೆಗಿದೆಯೋ ಎಂಬುದನ್ನು ಹೇಳುವ ಅಳತೆಯೇ ಪಿ.ಎಚ್. ಮೌಲ್ಯ, 7 ನಡುಬಿಂದು, ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ವರ್ನರ್ ಸ್ಟಮ್ ಮತ್ತು ಜಿ. ಫ್ರೆಡ್ ಲೀ ಎಂಬ ವಿಜ್ಞಾನಿಗಳು 1961ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಮೌಲ್ಯ ಒಂದು ಅಂಕ ಏರಿದರೆ ಕಬ್ಬಿಣದ ಬದಲಾವಣೆಯ ವೇಗ ನೂರು ಪಟ್ಟು ಹೆಚ್ಚುತ್ತದೆ ಎಂಬುದನ್ನು ತೋರಿಸಿದರು. ಅವರ ಸೂತ್ರದಂತೆ ಲೆಕ್ಕ ಹಾಕಿದರೆ, ಪಿ.ಎಚ್. 7 ಇರುವ ಶುದ್ಧ ದ್ರಾವಣದಲ್ಲಿ ಅರ್ಧದಷ್ಟು ಕಬ್ಬಿಣ ಬದಲಾಗಲು ನಾಲ್ಕೈದು ನಿಮಿಷ ಸಾಕು, ಅದೇ 6 ಇದ್ದರೆ ಸುಮಾರು ಏಳು ಗಂಟೆ ಬೇಕಾಗುತ್ತದೆ. ನಿಜವಾದ ಬಾವಿಯ ನೀರಿನಲ್ಲಿ ಬೇರೆ ವಸ್ತುಗಳೂ ಇರುವುದರಿಂದ ಈ ಕಾಲ ಇನ್ನೂ ಹಿಗ್ಗಬಹುದು, ಆದರೆ ಅಂತರದ ಪ್ರಮಾಣ ಹಾಗೆಯೇ ಉಳಿಯುತ್ತದೆ.

ಈ ಭಾಗದ ನೀರಿನ ಅನುಕೂಲ ಇರುವುದು ಇಲ್ಲಿಯೇ. ದಕ್ಷಿಣ ಕನ್ನಡ, ಉಡುಪಿ ಮತ್ತು ಕಾಸರಗೋಡಿನ ಮುರಕಲ್ಲಿನ ನೆಲದ ಬಾವಿಗಳಲ್ಲಿ, ಮಳೆ ಹೆಚ್ಚಾದ್ದರಿಂದ, ನೀರು ಮೆದುವಾಗಿದ್ದು, ಹುಳಿಯ ಕಡೆಗೆ ವಾಲಿರುತ್ತದೆ; ಅಲ್ಲಿ ಕಬ್ಬಿಣ ತೆಗೆಯಲು ಗಾಳಿಯೊಂದೇ ಸಾಲದೆ ಸುಣ್ಣವನ್ನೋ ಸುಣ್ಣಕಲ್ಲಿನ ಹಾಸನ್ನೋ ಸೇರಿಸಿ ಮೊದಲು ಪಿ.ಎಚ್. ಏರಿಸಬೇಕಾಗುತ್ತದೆ. ಮಳೆ ಕಡಿಮೆಯಿರುವ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ನೀರು ಗಡಸು ನೀರು, ಬೇಳೆ ಬೇಯಿಸಲು ತಡ ಮಾಡುವ ಮತ್ತು ಸೋಪಿನ ನೊರೆ ಏಳದ ನೀರು, ಅದರ ಪಿ.ಎಚ್. ಸಾಮಾನ್ಯವಾಗಿ 7ರ ಮೇಲೆಯೇ ಇರುತ್ತದೆ, ಮತ್ತು ಕಬ್ಬಿಣ ಬದಲಾಗುವಾಗ ಹುಟ್ಟುವ ಆಮ್ಲವನ್ನು ನುಂಗಿಕೊಳ್ಳುವ ಬೈಕಾರ್ಬೊನೇಟು ಅದರಲ್ಲಿ ಧಾರಾಳವಾಗಿರುತ್ತದೆ. ಅಡುಗೆಮನೆಯಲ್ಲಿ ಬೈಗುಳ ತಿನ್ನುವ ಆ ಗಡಸುತನವೇ ಕಬ್ಬಿಣ ತೆಗೆಯುವ ಕೆಲಸವನ್ನು ಅಗ್ಗವಾಗಿಸುತ್ತದೆ.

ನೀರನ್ನು ತಟ್ಟೆಗಳ ಮೇಲಿಂದ ಹನಿಹನಿಯಾಗಿ ಬೀಳಿಸುವುದರಿಂದ ಇನ್ನೊಂದು ಲಾಭವೂ ಇದೆ. ನೆಲದಾಳದ ನೀರಿನಲ್ಲಿ ಇಂಗಾಲದ ಡೈಆಕ್ಸೈಡು ಅನಿಲ ಕರಗಿರುತ್ತದೆ. ಅದು ಗಾಳಿಗೆ ಹಾರಿಹೋದಷ್ಟೂ ನೀರಿನ ಪಿ.ಎಚ್. ಏರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಕೊಡುವ ಗಂಧಕದ ಅನಿಲವಿದ್ದರೆ ಅದೂ ಹೋಗುತ್ತದೆ. ಹೀಗಾಗಿ ನೀರು ಟಾಕಿಗೆ ಪೈಪಿನಿಂದ ನೇರವಾಗಿ ಧುಮುಕುವುದಕ್ಕೂ, ಚೂರುಚೂರಾಗಿ ಹರಿದು ತಟ್ಟೆಗಳ ಮೇಲೆ ಇಳಿಯುವುದಕ್ಕೂ ವ್ಯತ್ಯಾಸ ಬಹಳ.

ಈ ತತ್ವವು ಕೆಲಸಕ್ಕೆ ಇಳಿಯುವುದನ್ನು ಒಂದು ಲೆಕ್ಕದ ಮೂಲಕ ನೋಡಬಹುದು. ಮಸ್ಕಿಯ ಕಡೆಯ ಒಂದು ಶಾಲೆಯ ಬಿಸಿಯೂಟದ ಅಡುಗೆಗೂ ಕುಡಿಯಲಿಕ್ಕೂ ದಿನಕ್ಕೆ 1000 ಲೀಟರ್ ನೀರು ಬೇಕೆಂದೂ, ಅಲ್ಲಿಯ ಬೋರಿನ ನೀರಿನಲ್ಲಿ ಲೀಟರಿಗೆ 4 ಮಿಲಿಗ್ರಾಂ ಕಬ್ಬಿಣವಿದ್ದು ಪಿ.ಎಚ್. 7.4 ಇದೆಯೆಂದೂ ಭಾವಿಸಿಕೊಳ್ಳೋಣ. ಗಂಟೆಗೆ 200 ಲೀಟರಿನಂತೆ ಐದು ಗಂಟೆ ನೀರು ಹರಿಸಿದರೆ ದಿನದ ಅಗತ್ಯ ಪೂರೈಸುತ್ತದೆ. ಇದಕ್ಕೆ ಬೇಕಾಗುವುದು ಮೂರು ತಟ್ಟೆಗಳು ಮತ್ತು 200 ಲೀಟರಿನ ಮೂರು ಪ್ಲಾಸ್ಟಿಕ್ ಡ್ರಮ್ಮುಗಳು. ರಾಸಾಯನಿಕ ಅಥವಾ ಕೀಟನಾಶಕ ತುಂಬಿದ್ದ ಹಳೆಯ ಡ್ರಮ್ಮುಗಳನ್ನು ಎಷ್ಟು ತೊಳೆದರೂ ಇದಕ್ಕೆ ಬಳಸಕೂಡದು.

ತಟ್ಟೆಗಳು ಒಂದೂವರೆ ಅಡಿ ಚೌಕದವಾಗಿದ್ದು, ಒಂದರ ಕೆಳಗೊಂದು ಒಂದಡಿ ಅಂತರದಲ್ಲಿ ನಿಲ್ಲಬೇಕು. ತಟ್ಟೆಯ ತಳದಲ್ಲಿ ಕೊರೆಯುವ ತೂತುಗಳ ವಿಷಯದಲ್ಲಿ ತಪ್ಪಾಗುವುದು ಸಾಮಾನ್ಯ. ತೂತು ಹೆಚ್ಚಿದಷ್ಟೂ ಒಳ್ಳೆಯದೆಂದು ನೂರಾರು ತೂತು ಹಾಕಿದರೆ, ನೀರು ತಟ್ಟೆಯ ಮೇಲೆ ಹರಡುವ ಮೊದಲೇ ಪೈಪಿನ ಕೆಳಗಿನ ಒಂದು ಮೂಲೆಯಿಂದಲೇ ಸುರಿದು ಹೋಗುತ್ತದೆ. ತಟ್ಟೆಯ ಮೇಲೆ ಒಂದು ಸೆಂಟಿಮೀಟರಿನಷ್ಟು ನೀರು ನಿಂತು, ಎಲ್ಲ ತೂತುಗಳಿಂದಲೂ ಸಮನಾಗಿ ಹನಿ ಇಳಿಯಬೇಕು. ಗಂಟೆಗೆ 200 ಲೀಟರಿಗೆ 3 ಮಿಲಿಮೀಟರಿನ ಸುಮಾರು 30 ತೂತುಗಳು ಸಾಕು. ಕೆಳಗಿನ ಎರಡು ತಟ್ಟೆಗಳಲ್ಲಿ ತೊಳೆದ ಜಲ್ಲಿಕಲ್ಲನ್ನು ಒಂದು ಗೇಣಿನಷ್ಟು ಹರಡಿದರೆ ನೀರು ಕಲ್ಲಿನ ಮೈಮೇಲೆ ತೆಳುವಾಗಿ ಹರಿದು ಗಾಳಿಗೆ ಮತ್ತಷ್ಟು ತೆರೆದುಕೊಳ್ಳುತ್ತದೆ. ತಟ್ಟೆಗಳ ಸುತ್ತ ಸೊಳ್ಳೆ ಪರದೆಯ ಜಾಲರಿ ಕಟ್ಟಿ, ಮೇಲೆ ನೆರಳು ಮಾಡಬೇಕು, ಬಿಸಿಲು ತಾಗಿದರೆ ಕಲ್ಲಿನ ಮೇಲೆ ಹಾವಸೆ ಬೆಳೆಯುತ್ತದೆ.

ತಟ್ಟೆಗಳಿಂದ ಇಳಿದ ನೀರು ಮೊದಲನೆಯ ಡ್ರಮ್ಮಿಗೆ ಹೋಗುತ್ತದೆ. ಇಲ್ಲಿ ಅದಕ್ಕೆ ಕಾಲ ಸಿಗುತ್ತದೆ. ಬಣ್ಣ ಬದಲಾಗುವುದು ನಿಮಿಷಗಳಲ್ಲಿ ಮುಗಿದರೂ, ಹೊಸದಾಗಿ ಹುಟ್ಟಿದ ಕಣಗಳು ಅತಿ ಸೂಕ್ಷ್ಮವಾಗಿದ್ದು ಉಸುಕಿನ ಸಂದಿಯಲ್ಲಿ ನುಸುಳಿಹೋಗಬಲ್ಲವು. ಅವು ಒಂದಕ್ಕೊಂದು ಅಂಟಿಕೊಂಡು ದೊಡ್ಡ ಗಸಿಯಾಗಲು ಅರ್ಧ ಗಂಟೆಯಾದರೂ ಬೇಕು. ಡ್ರಮ್ಮು 200 ಲೀಟರಿನದಾದ್ದರಿಂದ ಲೆಕ್ಕದ ಪ್ರಕಾರ ಒಂದು ಗಂಟೆ ಸಿಗಬೇಕು, ಆದರೆ ನೀರು ಹತ್ತಿರದ ದಾರಿ ಹುಡುಕುವುದರಿಂದ ನಿಜವಾಗಿ ಸಿಗುವುದು ಅದರ ಅರ್ಧದಷ್ಟು. ಅದಕ್ಕಾಗಿ ಒಳಬರುವ ಪೈಪನ್ನು ತಳದ ಹತ್ತಿರದವರೆಗೆ ಇಳಿಸಿ, ಹೊರಹೋಗುವ ಪೈಪನ್ನು ಮೇಲ್ಭಾಗದಲ್ಲಿ ಇಡಬೇಕು. ತಳಕ್ಕೆ ಗಸಿ ಬಿಡಲು ಒಂದು ವಾಲ್ವ್ ಇರಬೇಕು.

ಉಳಿದ ಎರಡು ಡ್ರಮ್ಮುಗಳು ಶೋಧಕಗಳು. ಒಂದು ಸಾಕಾಗುವಂತೆ ಕಂಡರೂ, ನೀರನ್ನು ಎರಡಕ್ಕೂ ಹಂಚಿದರೆ ಉಸುಕಿನ ಮೇಲೆ ನೀರು ನಿಧಾನವಾಗಿ ಇಳಿಯುತ್ತದೆ, ಒಂದನ್ನು ಸ್ವಚ್ಛ ಮಾಡುವಾಗ ಇನ್ನೊಂದು ನಡೆಯುತ್ತಿರುತ್ತದೆ. ಪ್ರತಿ ಡ್ರಮ್ಮಿನ ತಳದಲ್ಲಿ ತೂತು ಹಾಕಿದ ಪಿ.ವಿ.ಸಿ. ಪೈಪನ್ನು ಮಲಗಿಸಿ, ಅದರ ಮೇಲೆ ದಪ್ಪ ಜಲ್ಲಿ, ಬಳಿಕ ಸಣ್ಣ ಜಲ್ಲಿ ಸೇರಿ 15 ಸೆಂಟಿಮೀಟರು, ಅದರ ಮೇಲೆ ಅರ್ಧದಿಂದ ಒಂದು ಮಿಲಿಮೀಟರು ಗಾತ್ರದ ಉಸುಕನ್ನು 45 ಸೆಂಟಿಮೀಟರು ತುಂಬಬೇಕು. ಎಂ-ಸ್ಯಾಂಡ್ ಬಳಸುವುದಾದರೆ ಅದರ ಕಲ್ಲಿನ ಹುಡಿ ಪೂರ್ತಿ ಹೋಗುವವರೆಗೆ ತೊಳೆಯುವುದು ಕಡ್ಡಾಯ. ಹೊರಹೋಗುವ ಪೈಪನ್ನು ಡ್ರಮ್ಮಿನ ಹೊರಗೆ ಮೇಲಕ್ಕೆತ್ತಿ, ಉಸುಕಿನ ಮಟ್ಟಕ್ಕಿಂತ ನಾಲ್ಕು ಬೆರಳು ಎತ್ತರದಲ್ಲಿ ತಿರುಗಿಸಬೇಕು. ಹಾಗೆ ಮಾಡಿದರೆ ಶೋಧಕ ನಿಂತಾಗಲೂ ಉಸುಕು ನೀರಿನೊಳಗೇ ಇರುತ್ತದೆ, ಒಣಗಿ ಬಿರುಕು ಬಿಡುವುದಿಲ್ಲ.

ಹೀಗೆ ಕಟ್ಟಿದ ಶೋಧಕವು ಮೊದಲ ಕೆಲವು ದಿನ ನಿರಾಸೆ ಹುಟ್ಟಿಸುತ್ತದೆ. ನೀರಿನಲ್ಲಿ ಇನ್ನೂ ಕಬ್ಬಿಣ ಉಳಿದಿರುತ್ತದೆ, ಕೆಲವರು ಉಸುಕು ಸರಿಯಿಲ್ಲವೆಂದು ಬದಲಿಸಿಬಿಡುತ್ತಾರೆ. ಹೊಸ ರೊಟ್ಟಿ ಹಂಚು ಪಳಗುವಂತೆ ಉಸುಕೂ ಪಳಗಬೇಕು. ದಿನಗಳೆದಂತೆ ಪ್ರತಿ ಕಣದ ಮೇಲೂ ಕಬ್ಬಿಣದ ತೆಳುವಾದ ಕಂದು ಲೇಪ ಕೂಡುತ್ತದೆ. ಆ ಲೇಪವು ನೀರಿನಲ್ಲಿ ಇನ್ನೂ ಬದಲಾಗದೆ ಉಳಿದ ಕರಗಿದ ಕಬ್ಬಿಣವನ್ನು ತನ್ನ ಮೈಗೆ ಸೆಳೆದುಕೊಂಡು, ಅಲ್ಲಿಯೇ ಆಮ್ಲಜನಕದೊಡನೆ ಸೇರಿಸುತ್ತದೆ. ಅಂದರೆ ಪಳಗಿದ ಉಸುಕು ಕಣವನ್ನು ತಡೆಯುವ ಜಾಲರಿಯಾಗಿ ಮಾತ್ರವಲ್ಲದೆ, ಬದಲಾವಣೆಯನ್ನು ಮುಗಿಸುವ ಮೇಲ್ಮೈಯಾಗಿಯೂ ದುಡಿಯುತ್ತದೆ. ಇದಕ್ಕೆ ಕೆಲವು ದಿನಗಳಿಂದ ಕೆಲವು ವಾರ ಬೇಕಾಗಬಹುದು. ಇದನ್ನು ತಿಳಿಯದೆ ಉಸುಕನ್ನು ಹೊರತೆಗೆದು ಬೆಳ್ಳಗಾಗುವವರೆಗೆ ತಿಕ್ಕಿ ತೊಳೆಯುವುದು ಶ್ರದ್ಧೆಯ ಕೆಲಸದಂತೆ ಕಂಡರೂ, ಶೋಧಕವನ್ನು ಮತ್ತೆ ಮೊದಲ ದಿನಕ್ಕೆ ಒಯ್ಯುತ್ತದೆ.

ಸ್ವಚ್ಛ ಮಾಡುವ ಸರಿಯಾದ ಕ್ರಮ ಬೇರೆ. ಉಸುಕಿನ ಮೇಲೆ ಒಂದು ಗೇಣು ನೀರು ಉಳಿಸಿಕೊಂಡು, ಮೇಲಿನ ನಾಲ್ಕೈದು ಸೆಂಟಿಮೀಟರು ಉಸುಕನ್ನು ಮಾತ್ರ ಕೈಯಿಂದ ಕದಡಿ, ಎದ್ದ ಕೆಂಪು ನೀರನ್ನು ಮಗ್ಗಿನಿಂದ ತೋಡಿ ಹೊರಹಾಕಬೇಕು. ಎರಡು ಮೂರು ಬಾರಿ ಹೀಗೆ ಮಾಡಿದ ಮೇಲೆ ಗಸಿ ಕಡಿಮೆಯಾದರೆ ಸಾಕು. ಇದರ ಸಮಯವನ್ನು ಬಕೆಟ್ಟೇ ಹೇಳುತ್ತದೆ. ಗಂಟೆಗೆ 100 ಲೀಟರು ಕೊಡುವ ಒಂದು ಡ್ರಮ್ಮಿನಿಂದ 15 ಲೀಟರಿನ ಬಕೆಟ್ಟು ತುಂಬಲು 9 ನಿಮಿಷ ಬೇಕು. ಅದೇ ಬಕೆಟ್ಟು 18 ನಿಮಿಷ ತೆಗೆದುಕೊಳ್ಳತೊಡಗಿದರೆ ಉಸುಕಿನ ಮೇಲ್ಪದರ ಕಟ್ಟಿಕೊಂಡಿದೆಯೆಂದು ತಿಳಿಯಬೇಕು. ಹರಿವು ಕಡಿಮೆಯಾಯಿತೆಂದು ಬೋರಿನ ವಾಲ್ವನ್ನು ಹೆಚ್ಚು ತೆರೆದರೆ ಮೇಲಿನ ನೀರಿನ ಒತ್ತಡಕ್ಕೆ ಗಸಿ ಉಸುಕಿನ ಆಳಕ್ಕೆ ಇಳಿದು, ಕೊನೆಗೆ ನಲ್ಲಿಯಲ್ಲಿ ಹಳದಿಯಾಗಿ ಕಾಣಿಸಿಕೊಳ್ಳುತ್ತದೆ.

ಈ ಲೆಕ್ಕದ ಶಾಲೆಯಲ್ಲಿ ದಿನಕ್ಕೆ 4 ಗ್ರಾಂ ಕಬ್ಬಿಣ ಹಿಡಿಯಲ್ಪಡುತ್ತದೆ, ಅದು ಒಣ ಗಸಿಯಾಗಿ ಸುಮಾರು 7.6 ಗ್ರಾಂ. 25 ದಿನ ನಡೆದರೆ 190 ಗ್ರಾಂ ಆಗುತ್ತದೆ. ಕೇಳಲು ಇದು ಸ್ವಲ್ಪವೆನಿಸಿದರೂ, ಈ ಗಸಿಯ ನೂರರಲ್ಲಿ ತೊಂಬತ್ತೆಂಟು ಪಾಲು ನೀರೇ ಇರುವುದರಿಂದ ಅದರ ಗಾತ್ರ ಒಂದು ಬಕೆಟ್ಟಿನಷ್ಟಾಗುತ್ತದೆ. ಲೀಟರಿಗೆ 10 ಮಿಲಿಗ್ರಾಂಗಿಂತ ಹೆಚ್ಚು ಕಬ್ಬಿಣವಿರುವ ನೀರಿಗೆ ಈ ಡ್ರಮ್ಮಿನ ವ್ಯವಸ್ಥೆ ಸೋಲುವುದು ಇದೇ ಕಾರಣದಿಂದ. ಅಲ್ಲಿ ಉಸುಕನ್ನು ಪದೇ ಪದೇ ಕದಡಬೇಕಾಗುತ್ತದೆ, ಹಾಗಾಗಿ ದೊಡ್ಡ ತಿಳಿಗೊಳಿಸುವ ತೊಟ್ಟಿಯನ್ನೇ ಕಟ್ಟಬೇಕು. ಕೈಪಂಪಿಗೆ ಜೋಡಿಸುವ, ಇಟ್ಟಿಗೆ-ಸಿಮೆಂಟಿನ ಇಂತಹ ಘಟಕದ ಮಾದರಿಯನ್ನು ನಾಗಪುರದ ನೀರಿ ಸಂಸ್ಥೆ ರೂಪಿಸಿತ್ತು. ಒಡಿಶಾ, ಅಸ್ಸಾಂಗಳಂತಹ ಕಬ್ಬಿಣದ ತೊಂದರೆ ಹೆಚ್ಚಿರುವ ರಾಜ್ಯಗಳಲ್ಲಿ ಕೈಪಂಪಿನ ಘಟಕಗಳು ಬಳಕೆಗೆ ಬಂದಿವೆ.

ತೆರೆದ ತಟ್ಟೆ ಮತ್ತು ಉಸುಕಿನ ಮೂಲಕ ಬಂದ ನೀರಿಗೆ ರೋಗಾಣು ಸೇರುವ ಸಂಭವವಿರುವುದರಿಂದ ಶೋಧನೆಯ ನಂತರ ಬ್ಲೀಚಿಂಗ್ ಪುಡಿ ಹಾಕಬೇಕು. 1000 ಲೀಟರಿಗೆ ಒಳ್ಳೆಯ ಪುಡಿ 3 ಗ್ರಾಂನಷ್ಟು ಸಾಮಾನ್ಯವಾಗಿ ಸಾಕಾಗುತ್ತದೆ, ಅರ್ಧ ಗಂಟೆಯ ನಂತರ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಹಾಕಿದ ಕ್ಲೋರಿನ್ ಪ್ರತಿ ಸಲವೂ ಮಾಯವಾಗುತ್ತಿದ್ದರೆ, ಕರಗಿದ ಕಬ್ಬಿಣ ಇನ್ನೂ ಉಳಿದು ಅದನ್ನು ತಿನ್ನುತ್ತಿರುವ ಸಾಧ್ಯತೆಯನ್ನು ಮೊದಲು ನೋಡಬೇಕು.

ಎಲ್ಲವೂ ಸರಿಯಿದ್ದೂ ಫಲ ಸಿಗದ ಸಂದರ್ಭಗಳುಂಟು. ಕಲೆ ಕೆಂಪಾಗಿರದೆ ಕಪ್ಪಾಗಿದ್ದರೆ ಅದು ಮ್ಯಾಂಗನೀಸು ಎಂಬ ಇನ್ನೊಂದು ಲೋಹ. ಗಾಳಿಯಿಂದ ಅದು ಬದಲಾಗಲು ಬಹಳ ಹೆಚ್ಚಿನ ಪಿ.ಎಚ್. ಬೇಕಾಗುವುದರಿಂದ ಈ ಡ್ರಮ್ಮುಗಳಲ್ಲಿ ಅದು ಪೂರ್ತಿ ಹೋಗುವುದಿಲ್ಲ. ಟಾಕಿಯ ಗೋಡೆಗೆ ಕೈ ಹಾಕಿದರೆ ಕಂದು ಲೋಳೆ ಹತ್ತುತ್ತಿದ್ದರೆ ಅದು ಕಬ್ಬಿಣವನ್ನು ಬಳಸಿ ಬದುಕುವ ಸೂಕ್ಷ್ಮಜೀವಿಗಳ ಕೆಲಸ. ಆಗ ಬೋರಿಗೇ ಕ್ಲೋರಿನ್ ಹಾಕಿ, ಒಂದು ರಾತ್ರಿ ಬಿಟ್ಟು, ವಾಸನೆ ಹೋಗುವವರೆಗೆ ನೀರನ್ನು ಹೊರಚೆಲ್ಲಬೇಕು.

ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಿಗೂ ಈ ವಿಷಯ ಸಂಬಂಧಿಸಿದೆ. ಆ ಘಟಕಗಳು ಒತ್ತಡದಿಂದ ನೀರನ್ನು ತೆಳುವಾದ ಪೊರೆಯ ಮೂಲಕ ಹಾಯಿಸಿ ಉಪ್ಪನ್ನೂ ಫ್ಲೋರೈಡನ್ನೂ ತಡೆಯುತ್ತವೆ. ಅವುಗಳ ಮುಂಭಾಗದಲ್ಲಿ ಉಸುಕಿನ ಶೋಧಕವಿದ್ದರೂ, ಗಾಳಿಯ ಸಂಪರ್ಕಕ್ಕೆ ಬಾರದೆ ಬೋರಿನಿಂದ ನೇರವಾಗಿ ಬರುವ ಕರಗಿದ ಕಬ್ಬಿಣ ಅಲ್ಲಿ ನಿಲ್ಲದೆ ಮುಂದೆ ಸಾಗಿ, ಪೊರೆಯ ಮೇಲೆ ಕೆಂಪು ಗಸಿಯಾಗಿ ಕೂರುತ್ತದೆ. ಪೊರೆ ಬೇಗ ಹಾಳಾಗಲು ಇದು ಒಂದು ಕಾರಣ. ಕಬ್ಬಿಣವಿರುವ ಊರಿನ ಘಟಕದ ಮುಂದೆ ತಟ್ಟೆ ಮತ್ತು ತೊಟ್ಟಿ ಸೇರಿಸುವ ಖರ್ಚು ಪೊರೆ ಬದಲಿಸುವ ಖರ್ಚಿನ ಮುಂದೆ ಚಿಕ್ಕದು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಗಾಳಿ ಮತ್ತು ಉಸುಕು ಫ್ಲೋರೈಡನ್ನು ತೆಗೆಯುವುದಿಲ್ಲ, ನೈಟ್ರೇಟನ್ನು ತೆಗೆಯುವುದಿಲ್ಲ, ಉಪ್ಪನ್ನೂ ತೆಗೆಯುವುದಿಲ್ಲ. ಕೆಂಪು ನೀರು ತಿಳಿಯಾಗಿ, ಒಗರು ಹೋಗಿ, ಕುಡಿಯಲು ಹಿತವಾದಾಗ ಅದನ್ನು ಶುದ್ಧವೆಂದು ನಂಬುವುದು ಸಹಜ. ಫ್ಲೋರೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಕುಡಿಯುವ ನೀರಿನಲ್ಲಿ ಇರುವ ಪ್ರಮಾಣದಲ್ಲಿ ರುಚಿಯೂ ಇಲ್ಲ. ಮಕ್ಕಳ ಹಲ್ಲಿಗೂ ದೊಡ್ಡವರ ಮೂಳೆಗೂ ತಗಲುವ ಅದರ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ 1.5. ಹಟ್ಟಿಯ ಸುತ್ತಲಿನ ಚಿನ್ನದ ಶಿಲೆಯ ನೆಲದಲ್ಲಿ ಆರ್ಸೆನಿಕ್ ಎಂಬ ವಿಷಧಾತುವನ್ನೂ ನೋಡಬೇಕು, ಅದರ ಮಿತಿ 0.01 ಮಿಲಿಗ್ರಾಂ ಮಾತ್ರ. ಕಬ್ಬಿಣದ ಗಸಿ ಆರ್ಸೆನಿಕ್‌ನ ಒಂದು ಪಾಲನ್ನು ತನ್ನೊಡನೆ ಹಿಡಿದುಕೊಂಡು ಇಳಿಯುತ್ತದೆ, ಆದರೆ ಆ ಭರವಸೆಯ ಮೇಲೆ ನೀರು ಕುಡಿಯುವಂತಿಲ್ಲ. ಅಂತಹ ಊರಿನ ಗಸಿಯನ್ನು ಹೊಲಕ್ಕೂ ಹಳ್ಳಕ್ಕೂ ಚೆಲ್ಲಕೂಡದು.

2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಯೋಜನೆಯಡಿ ಹಳ್ಳಿಗಳಲ್ಲಿಯೇ ನೀರು ಪರೀಕ್ಷಿಸುವ ಪೆಟ್ಟಿಗೆಗಳನ್ನು ಕೊಡುವ, ಮಹಿಳೆಯರಿಗೆ ಅದರ ತರಬೇತಿ ನೀಡುವ ವ್ಯವಸ್ಥೆಯಿದೆ. ಕಬ್ಬಿಣ ಮತ್ತು ಫ್ಲೋರೈಡುಗಳ ಅಂದಾಜು ಅದರಿಂದ ಸಿಗುತ್ತದೆ. ನಿಖರವಾದ ಅಂಕಿಗೆ ಪ್ರಯೋಗಾಲಯಕ್ಕೆ ಮಾದರಿ ಕಳಿಸುವಾಗ ಒಂದು ಎಚ್ಚರ ಬೇಕು. ಬಾಟಲಿಯಲ್ಲಿ ನೀರು ಒಂದೆರಡು ದಿನ ನಿಂತರೆ ಕಬ್ಬಿಣ ಗಸಿಯಾಗಿ ಬಾಟಲಿಯ ಗೋಡೆಗೆ ಅಂಟಿಕೊಳ್ಳುತ್ತದೆ, ಮೇಲಿನ ತಿಳಿ ನೀರನ್ನು ಅಳೆದ ವರದಿಯಲ್ಲಿ ಕಬ್ಬಿಣವೇ ಇಲ್ಲವೆಂದು ಬರುತ್ತದೆ. ಹಾಗಾಗದಂತೆ ಪ್ರಯೋಗಾಲಯದವರಿಂದಲೇ ಆಮ್ಲ ಹಾಕಿದ ಬಾಟಲಿಯನ್ನು ಪಡೆದು ಕಬ್ಬಿಣದ ಮಾದರಿಯನ್ನು ಅದರಲ್ಲಿ ತುಂಬಬೇಕು, ಉಳಿದ ಪರೀಕ್ಷೆಗಳಿಗೆ ಬೇರೆ ಬಾಟಲಿ ಕೊಡಬೇಕು. ಈ ಮೂರು ತಾಲ್ಲೂಕುಗಳ ಗ್ರಾಮ ಪಂಚಾಯತಿಗಳು, ಶಾಲೆಗಳು ಮತ್ತು ಮನೆಯವರು ಶೋಧಕಕ್ಕೆ ಹಣ ಹಾಕುವ ಮೊದಲು ಕಬ್ಬಿಣದ ಜೊತೆಗೆ ಪಿ.ಎಚ್., ಫ್ಲೋರೈಡು, ನೈಟ್ರೇಟು ಮತ್ತು ಒಟ್ಟು ಲವಣಾಂಶಗಳನ್ನೂ, ಹಟ್ಟಿಯ ಆಸುಪಾಸಿನವರು ಆರ್ಸೆನಿಕನ್ನೂ ಒಂದೇ ಬಾರಿಗೆ ಪರೀಕ್ಷೆ ಮಾಡಿಸಿಕೊಳ್ಳಬೇಕು.